ಶಿರಾಡಿಯ ದೇವದಾರು

ಚಿಕ್ಕಪ್ಪ ನಮ್ಮ ಮನೆತನದ ಗ್ರೂಪಿಗೆ ಹಾಕಿದ ಫೋಟೋದಲ್ಲಿ ಅರ್ಧ ರಸ್ತೆ ಕುಸಿದಿತ್ತು. ಉಳಿದರ್ಧದಲ್ಲಿ ಬಸ್ಸೊಂದು ಮೂತಿಯನ್ನು ಪ್ರಪಾತದತ್ತ ಚಾಚಿ ನಿಂತಿತ್ತು. ಕೆಳಗೆ ಬರೆದದ್ದು: ‘ಶಿರಾಡಿ ಘಾಟ್, ಇಂದು ಬೆಳಗ್ಗೆ. ಎಲ್ಲರಿಗೂ ತಿಳಿಸಿ.’ ಮೇಲೆ ಎರಡು ಬಾಣದ ಗುರುತು. ಅಂದರೆ ಕನಿಷ್ಠ ಐದು ಕೈ ದಾಟಿ ಬಂದ ಸರಕು. ಅತ್ತಿಗೆ ಕೈಮುಗಿದರು, ಮೈದುನ ಅತ್ತ, ಯಾರೋ ಅಭ್ಯಾಸಬಲದಿಂದ ‘ಶುಭೋದಯ’ ಎಂದರು. ನಾನು ಕನ್ನಡಕ ಒರೆಸಿಕೊಂಡೆ.

ಈ ಚಟ ನನಗೆ ಅಂಟಿ ಕಾಲವಾಯಿತು. ಜನ ಪದಬಂಧ ಬಿಡಿಸುವ ಹೊತ್ತಿನಲ್ಲಿ ನಾನು ಫಾರ್ವರ್ಡ್ ಫೋಟೋಗಳ ಊರು ಹುಡುಕುತ್ತೇನೆ. ಇದರಲ್ಲಿ ಕೆಲಸ ಇರುವುದು ಊರು ಯಾವುದೆಂದು ಹೇಳುವುದರಲ್ಲಲ್ಲ. ಹೇಳಿದ ಊರು ಇದಲ್ಲ ಎಂದು ತೋರಿಸುವುದರಲ್ಲಿ. ಕೆಳಗಿನ ಒಕ್ಕಣೆ ನಿಜವಾದರೆ ಚಿತ್ರದಲ್ಲಿ ಏನೇನು ಇರಲೇಬೇಕು, ಏನೇನು ಇರಕೂಡದು ಎಂದು ಕೇಳಿಕೊಂಡು ಹೊರಟರೆ ಅಡ್ಡಿಯಾಗುವ ಒಂದೇ ವಸ್ತು ಸಾಕು. ಹಾಗೆಂದುಕೊಂಡಿದ್ದೆ, ಚಿಕ್ಕಪ್ಪನೊಂದಿಗೆ ವಾದಕ್ಕೆ ಇಳಿಯುವವರೆಗೆ.

ಫೋಟೋ ತೆಗೆದ ಜಾಗ, ಹೊತ್ತುಗಳ ಮಾಹಿತಿ ಮೂಲ ಫೈಲಿನ ಹೊಟ್ಟೆಯಲ್ಲಿರುತ್ತದೆ. ಆದರೆ ವಾಟ್ಸಾಪ್ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ಅದನ್ನು ಅಳಿಸಿಬಿಡುತ್ತದೆ, ಚಿತ್ರವನ್ನೂ ಹಿಂಡಿ ಹಿಪ್ಪೆ ಮಾಡುತ್ತದೆ. ಗೂಗಲ್ ಲೆನ್ಸಿಗೆ ಕೊಟ್ಟೆ. ಅದೇ ಬಸ್ಸು ಒಂದು ಕಡೆ ಚಾರ್ಮಾಡಿಯಲ್ಲಿ, ಇನ್ನೊಂದು ಕಡೆ ಮುನ್ನಾರಿನಲ್ಲಿ, ಮತ್ತೊಂದು ಕಡೆ ಕೊಂಕಣದಲ್ಲಿ ನೇತಾಡುತ್ತಿತ್ತು. ಎಲ್ಲವೂ ‘ಇಂದು ಬೆಳಗ್ಗೆ’.

ಹಾಗಾಗಿ ಬೆರಳಲ್ಲಿ ಹಿಗ್ಗಿಸುತ್ತ ಕೂತೆ. ರಸ್ತೆಯಂಚಿನಲ್ಲಿ ಮೈಲಿಗಲ್ಲು, ಅದರ ತಲೆ ಹಳದಿ. ಹಳದಿ ಎಂದರೆ ರಾಷ್ಟ್ರೀಯ ಹೆದ್ದಾರಿ. ರಾಜ್ಯ ಹೆದ್ದಾರಿಯದಾದರೆ ಹಸಿರು. ಶಿರಾಡಿಯದು ರಾಷ್ಟ್ರೀಯ ಹೆದ್ದಾರಿ 75, ಅಲ್ಲಿಗೆ ಚಿಕ್ಕಪ್ಪನಿಗೆ ಒಂದು ಅಂಕ. ಕಲ್ಲಿನ ಮೇಲಿನ ಅಕ್ಷರಗಳನ್ನು ಓದಲು ಬರುವಂತಿರಲಿಲ್ಲ. ಆದರೆ ಓದಲಾಗದ ಅಕ್ಷರವೂ ಸುಳಿವು ಬಿಟ್ಟುಕೊಡುತ್ತದೆ. ಕನ್ನಡದ ಅಕ್ಷರಗಳು ಎಷ್ಟು ಮಸುಕಾದರೂ ಬಿಡಿಬಿಡಿಯಾಗಿ, ದುಂಡುದುಂಡಗೆ, ತಮ್ಮ ತಮ್ಮ ತಲೆಕಟ್ಟು ಹೊತ್ತು ನಿಲ್ಲುತ್ತವೆ. ನಾಗರಿ ಲಿಪಿಯಲ್ಲಾದರೆ ಮೇಲೊಂದು ಉದ್ದನೆಯ ಗೆರೆ, ಬಟ್ಟೆ ಒಣಹಾಕಿದ ಹಗ್ಗದ ಹಾಗೆ. ಅಕ್ಷರ ಅಳಿಸಿದರೂ ಗೆರೆ ಉಳಿಯುತ್ತದೆ. ಇಲ್ಲಿ ಉಳಿದಿತ್ತು. ‘ಕಲ್ಲಿನ ಮೇಲೆ ಹಿಂದಿ ಇದೆ, ಚಿಕ್ಕಪ್ಪ’ ಎಂದು ಬರೆದೆ.

‘ಹೆದ್ದಾರಿಯವರು ಎಲ್ಲಿ ಬೇಕಾದ್ರೂ ಹಿಂದಿ ಬರೀತಾರಪ್ಪ’ ಎಂಬ ಉತ್ತರ ಬಂತು.

ಏನು ಹೇಳಲಿ? 2017ರಲ್ಲಿ ತಮಿಳುನಾಡಿನ ಹೆದ್ದಾರಿಯ ಕಲ್ಲುಗಳಲ್ಲಿ ಹಿಂದಿ ಕಂಡು ಗಲಾಟೆಯೇ ಆಗಿತ್ತು. ಕಲ್ಲನ್ನು ಬಿಟ್ಟು ಮರಕ್ಕೆ ಹತ್ತಿದೆ. ಗುಡ್ಡದ ಮೇಲೆಲ್ಲ ಚೂಪು ತುದಿಯ, ಮೆಟ್ಟಿಲು ಮೆಟ್ಟಿಲಾಗಿ ಕೊಂಬೆ ಚಾಚಿದ ಮರಗಳು. ದೇವದಾರು! ಹಿಮಾಲಯದ ಮರ, ಶಿರಾಡಿಯ ಕಾಡಿನಲ್ಲಿ ಅದಕ್ಕೇನು ಕೆಲಸ? ಚಿಕ್ಕಪ್ಪ ಅರಣ್ಯ ಇಲಾಖೆಯಿಂದ ನಿವೃತ್ತರಾದವರು. ‘ಅದು ಗಾಳಿಮರ ಕಣೋ’ ಎಂದರು. ಹಿಂಡಿದ ಚಿತ್ರದಲ್ಲಿ ದೇವದಾರಿಗೂ ಗಾಳಿಮರಕ್ಕೂ ಇರುವ ವ್ಯತ್ಯಾಸವನ್ನು ನಿವೃತ್ತ ಫಾರೆಸ್ಟರಿಗೆ ವಿವರಿಸುವ ಧೈರ್ಯ ನನಗಿರಲಿಲ್ಲ.

ಆಗ ಕಣ್ಣಿಗೆ ಬಿತ್ತು, ಬಸ್ಸಿನ ಹಿಂದಿನ ತಗಡಿನ ಮಾಡಿನ ಮೇಲಿದ್ದ ಟಿವಿ ಡಿಶ್.

ಡಿಶ್ ಸುಳ್ಳು ಹೇಳುವುದಿಲ್ಲ. ಅದು ನೋಡುವ ಉಪಗ್ರಹಗಳು ಭೂಮಧ್ಯರೇಖೆಯ ನೆತ್ತಿಯ ಮೇಲೆ ಒಂದೇ ಕಡೆ ನಿಂತಿರುವಂಥವು. ಆದ್ದರಿಂದ ನಮ್ಮ ದೇಶದಲ್ಲಿ ಡಿಶ್ಶುಗಳು ದಕ್ಷಿಣದ ಕಡೆಗೇ ಮುಖ ಮಾಡುತ್ತವೆ, ಉತ್ತರಕ್ಕೆ ಹೋದಷ್ಟೂ ಮುಖ ತಗ್ಗಿಸುತ್ತವೆ. 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹ ಬೆಂಗಳೂರಿನಿಂದ ನೋಡಿದರೆ ಸುಮಾರು 73 ಡಿಗ್ರಿ ಎತ್ತರದಲ್ಲಿ ಕಾಣಬೇಕು, ಶಿಮ್ಲಾದಿಂದಾದರೆ ಸುಮಾರು 53. ಚಿತ್ರದಲ್ಲಿದ್ದದ್ದು ಎದುರುಮನೆಯವರನ್ನು ನೋಡುತ್ತಿದ್ದ ಡಿಶ್. ನಮ್ಮದು ಎಷ್ಟು ಆಕಾಶ ನೋಡುತ್ತದೆ? ಅಳೆದೇ ಬಿಡೋಣವೆಂದು ತಾರಸಿಗೆ ಹತ್ತಿದೆ.

ಡಿಶ್ ಇದ್ದದ್ದು ನೀರಿನ ಟ್ಯಾಂಕಿನ ಗೋಡೆಯ ಮೇಲೆ. ಒಂದು ಸ್ಟೂಲ್ ತಂದೆ, ಅದರ ಮೇಲೆ ಕವುಚಿದ ಬಕೆಟ್ ಇಟ್ಟೆ, ಅದರ ಮೇಲೆ ನನ್ನನ್ನು ಇಟ್ಟೆ. ಮೊಬೈಲಿನಲ್ಲಿ ಮಟ್ಟ ನೋಡುವ ಸಾಧನವಿದೆಯಲ್ಲ, ಅದನ್ನು ತೆರೆದು ಡಿಶ್ಶಿನ ಹಣೆಗೆ ಜ್ವರ ನೋಡುವಂತೆ ಆನಿಸಿದೆ. ಗಾಳಿಗೆ ಅಂಕಿ ಕುಣಿಯುತ್ತಿತ್ತು. ಕುಣಿಯಬಾರದೆಂದು ಎಡಗೈಯಿಂದ ಡಿಶ್ಶನ್ನು ತಬ್ಬಿಕೊಂಡೆ. ಪಕ್ಕದ ತಾರಸಿಯಲ್ಲಿ ಸಂಡಿಗೆ ಕಾಯುತ್ತಿದ್ದ ಅಜ್ಜಿ ‘ಏನು ಸ್ವಾಮಿ, ಸಿಗ್ನಲ್ ಇಲ್ವಾ?’ ಎಂದರು. ‘ಶಿರಾಡಿ ಘಾಟಿ ಕುಸಿದಿದೆಯಾ ಅಂತ ನೋಡ್ತಿದೀನಿ’ ಎಂದೆ, ಸತ್ಯವನ್ನೇ. ಅಜ್ಜಿ ಸಂಡಿಗೆಯನ್ನು ಸ್ವಲ್ಪ ದೂರಕ್ಕೆ ಸರಿಸಿಕೊಂಡರು. ಅದೇ ಕ್ಷಣಕ್ಕೆ ಬಕೆಟ್ ಜರುಗಿತು, ನಾನು ಡಿಶ್ಶನ್ನು ಇನ್ನಷ್ಟು ಆತ್ಮೀಯವಾಗಿ ಅಪ್ಪಿದೆ, ಡಿಶ್ ‘ಕಿರ್’ ಎಂದು ಎದುರುಮನೆಯ ಕಡೆಗೆ ತಿರುಗಿತು. ಕೆಳಗಿನಿಂದ ಅಮ್ಮನ ಕೂಗು: ‘ಅಯ್ಯೋ, ತಾಳಿ ಕಟ್ಟೋ ಹೊತ್ತಿಗೆ ಹೋಯ್ತಲ್ಲೋ!’ ಧಾರಾವಾಹಿಯ ಆ ಮದುವೆಗಾಗಿ ಅಮ್ಮ ತಿಂಗಳುಗಟ್ಟಲೆ ಕಾದಿದ್ದರು. ಈಗ ನಮ್ಮ ಡಿಶ್ಶೂ ಶಿಮ್ಲಾದ ಡಿಶ್ಶೂ ಒಂದೇ ಓರೆಯಲ್ಲಿದ್ದವು. ನನ್ನ ಪುರಾವೆಯನ್ನು ನಾನೇ ಅಪ್ಪಿ ಕೆಡಿಸಿದ್ದೆ.

ಡಿಶ್ ಹುಡುಗ ಬಂದ. ರಿಪೇರಿಯ ನಡುವೆ ಅವನಿಗೂ ಫೋಟೋ ತೋರಿಸಿದೆ. ‘ಇದು ಬೆಟ್ಟದ ಕಡೇದು ಇರಬಹುದು ಸಾರ್. ಆದರೆ ಕಂಬವೇ ಸೊಟ್ಟಗಿದ್ರೆ ಏನ್ ಮಾಡ್ತೀರ? ಕ್ಯಾಮೆರಾ ಕೆಳಗಿನಿಂದ ಹಿಡಿದಿದ್ರೆ?’ ಎಂದ. ಡಿಶ್ ಸುಳ್ಳು ಹೇಳದಿರಬಹುದು, ಕಟ್ಟಿದವನ ಬಗ್ಗೆ ಯಾರು ಖಾತ್ರಿ ಕೊಡುತ್ತಾರೆ?

ಇಷ್ಟರಲ್ಲಿ ಮಗಳು ನನ್ನ ಮೊಬೈಲ್ ಕಸಿದುಕೊಂಡು, ಕೆಳಗಿನ ಒಕ್ಕಣೆಯನ್ನೂ ಆಕಾಶವನ್ನೂ ಕತ್ತರಿಸಿ ಬಸ್ಸು, ತಗಡಿನ ಮಾಡು ಮಾತ್ರ ಉಳಿಸಿ ಮತ್ತೆ ಹುಡುಕಿದಳು. ಇಡೀ ಚಿತ್ರ ಕೊಟ್ಟಾಗ ಅದರ ನಕಲುಗಳೇ ಮುನ್ನುಗ್ಗಿ ಬಂದಿದ್ದವು. ತುಂಡು ಕೊಟ್ಟಾಗ ಮೂಲದ ಅಗಲವಾದ ಚಿತ್ರ ಸಿಕ್ಕಿತು. ನಮಗೆ ಬಂದದ್ದರಲ್ಲಿ ಯಾರೋ ಬಲಗಡೆ ಕತ್ತರಿಸಿದ್ದರು. ಕತ್ತರಿಸಿದ ಭಾಗದಲ್ಲೇ ಬಸ್ಸಿನ ನಂಬರ್ ಪ್ಲೇಟು ಇತ್ತು, ಎಚ್‌ಪಿ ಎಂದು. ಹಿಮಾಚಲದ್ದು, ಹಿಂದಿನೊಂದು ಮಳೆಗಾಲದ್ದು.

ಗ್ರೂಪಿಗೆ ಹಾಕುವಾಗ ಚಿಕ್ಕಪ್ಪನಿಗೆ ಬೇಸರವಾಗದಿರಲೆಂದು ಒಂದು ಸಮಾಧಾನವನ್ನೂ ಸೇರಿಸಿದೆ. ಕೇಂದ್ರ ಗೃಹ ಸಚಿವಾಲಯದ 2016–17ರ ವಾರ್ಷಿಕ ವರದಿಯಲ್ಲೇ ನಮ್ಮ ಗಡಿಗೆ ಹಾಕಿದ ದೀಪಗಳೆಂದು ಅಚ್ಚಾಗಿದ್ದ ಫೋಟೋ ಸ್ಪೇನ್ ಮತ್ತು ಮೊರಾಕೊ ನಡುವಿನ ಸೆಯುಟಾ ಗಡಿಯದಾಗಿತ್ತು, ಅದೂ 2006ರದು. ಅಷ್ಟು ದೊಡ್ಡ ಇಲಾಖೆಗೇ ಹಾಗಾದ ಮೇಲೆ ನಮ್ಮ ಗ್ರೂಪ್ ಯಾವ ಲೆಕ್ಕ.

‘ಸದ್ಯ, ನಮ್ಮ ಕಡೆಯದಲ್ಲ’ ಎಂದರು ಅತ್ತಿಗೆ. ಅತ್ತಿದ್ದ ಮೈದುನ ನಗುವ ಮುಖ ಹಾಕಿದ. ನನಗೆ ಸಿಟ್ಟು ಬಂತು. ಬಸ್ಸೇನು ಸುಳ್ಳಲ್ಲವಲ್ಲ? ಅಗಲವಾದ ಚಿತ್ರದಲ್ಲಿ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ರಸ್ತೆಯ ಮೇಲೆ ಕೂತುಬಿಟ್ಟಿದ್ದಳು. ಕಲ್ಲು, ಮರ, ಡಿಶ್ ಎಲ್ಲ ಅಳೆದ ನಾನೂ ಅವಳನ್ನು ಕಂಡದ್ದು ಆಮೇಲೆಯೇ. ಹಾಗಾಗಿ ಸಿಟ್ಟನ್ನು ಟೈಪ್ ಮಾಡಿ ಅಳಿಸಿದೆ.

ಚಿಕ್ಕಪ್ಪ ಮಾತ್ರ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಹಾಸನದಿಂದ ನೇರ ಫೋನ್ ಮಾಡಿದರು.

‘ಅದೆಲ್ಲ ಸರಿಯಪ್ಪ, ನಾಳೆ ಪುತ್ತೂರಿನ ಮದುವೆಗೆ ಹೊರಟಿದೀನಿ. ಶಿರಾಡಿ ಓಪನ್ ಇದೆಯಾ, ಇಲ್ವಾ?’

ಅದನ್ನು ನಾನು ನೋಡಿರಲಿಲ್ಲ.