ಮುಚ್ಚಳಪ್ಪನವರ ಹಜಾರ

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಾದರೂ ಮುಚ್ಚಳಪ್ಪನವರು ಸಿಗುತ್ತಾರೆ. ಯಂತ್ರದ ಸುಖ ಬೇಕು, ಯಂತ್ರದ ಮುಖ ಬೇಡ ಎನ್ನುವುದು ಅವರ ಸಿದ್ಧಾಂತ. ನೀರಿನ ಫಿಲ್ಟರು ಸಿಂಕಿನ ಕೆಳಗಿನ ಕಪಾಟು ಸೇರಿದೆ, ರೌಟರು ಕೃಷ್ಣನ ವಿಗ್ರಹದ ಹಿಂದೆ ಅಡಗಿದೆ, ಗೋಡೆಯ ಏಸಿಗೆ ಮರದ ಪಟ್ಟಿಗಳ ಪೆಟ್ಟಿಗೆ ಬಂದಿದೆ. ನೆಂಟರು ‘ಏಸಿ ಹಾಕಿಸಿಲ್ವಾ?’ ಎಂದು ಕೇಳಿದರೆ ಅವರಿಗೆ ಪ್ರಶಸ್ತಿ ಬಂದಷ್ಟು ಹಿಗ್ಗು. ನೆಂಟರು ಬೆವರು ಒರೆಸಿಕೊಳ್ಳುತ್ತಾ ಕೇಳಿದರೆಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಆ ಬೆವರಿಗೆ ಕಾರಣ ಪೆಟ್ಟಿಗೆಯೇ. ಗೋಡೆಯ ಏಸಿ ಕೋಣೆಯ ಗಾಳಿಯನ್ನು ನೆತ್ತಿಯಿಂದ ಎಳೆದುಕೊಂಡು, ತಣಿಸಿ, ಕೆಳಗಿನ ಬಾಯಿಂದ ಬಿಡುತ್ತದೆ. ಕೋಣೆ ಎಷ್ಟು ಬಿಸಿಯಿದೆ ಎಂದು ಅಳೆಯುವ ಸೆನ್ಸರು ಇರುವುದೂ ಗಾಳಿ ಒಳಹೋಗುವ ದಾರಿಯಲ್ಲೇ. ಮುಚ್ಚಳಪ್ಪನವರ ಪೆಟ್ಟಿಗೆ ಮೇಲೆ ಸೀಲಿಂಗಿಗೆ ಅಂಟಿಕೊಂಡಿದೆ, ಮುಂದೆ ಪಟ್ಟಿಗಳಿವೆ. ಹೊರಬಂದ ತಂಪು ಪಟ್ಟಿಗೆ ಬಡಿದು, ಪೆಟ್ಟಿಗೆಯೊಳಗೇ ಮೇಲಕ್ಕೆ ತಿರುಗಿ, ಮತ್ತೆ ನೆತ್ತಿಗೇ ಹೋಗುತ್ತದೆ. ರಿಮೋಟಿನಲ್ಲಿ 24 ಇಟ್ಟಿದ್ದರೆ ಸೆನ್ಸರು ‘24 ಆಯಿತು’ ಎಂದು ಕಂಪ್ರೆಸರಿಗೆ ರಜೆ ಕೊಡುತ್ತದೆ. ಸೋಫಾದ ಬಳಿ ಆಗಲೂ 29. ಅವರು ರಿಮೋಟನ್ನು 18ಕ್ಕೆ ಇಳಿಸುತ್ತಾರೆ. ಪೆಟ್ಟಿಗೆಯೊಳಗೆ ಚಳಿಗಾಲ, ಹಜಾರದಲ್ಲಿ ಏಪ್ರಿಲ್! ಗಾಳಿಯ ಓಟ ತೀರಾ ಕುಗ್ಗಿದರೆ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ, ಅದು ಕರಗಿ ತೊಟ್ಟಿಕ್ಕಿ ಪ್ಲೈವುಡ್ ಉಬ್ಬುತ್ತದೆ. ಅನುಮಾನವಿದ್ದರೆ ಒಂದು ಥರ್ಮಾಮೀಟರನ್ನು ಪೆಟ್ಟಿಗೆಯ ಮೇಲ್ಭಾಗದೊಳಗೆ, ಇನ್ನೊಂದನ್ನು ಸೋಫಾದ ಮೇಲೆ ಅರ್ಧ ಗಂಟೆ ಇಟ್ಟು ನೋಡಬಹುದು. ಸೀಲಿಂಗಿನ ಬಳಿಯ ಗಾಳಿ ಸಹಜವಾಗಿ ಹೆಚ್ಚು ಬಿಸಿ ಇರಬೇಕು. ಅಲ್ಲೇ ತಂಪು ಜಾಸ್ತಿ ಎಂದರೆ ಏಸಿ ತನ್ನ ಉಸಿರನ್ನು ತಾನೇ ಕುಡಿಯುತ್ತಿದೆ.

‘ಪಟ್ಟಿಗಳ ನಡುವೆ ಸಂದು ಬಿಟ್ಟಿದೀವಲ್ಲ’ ಎನ್ನುತ್ತಾರೆ ಅವರು. ಸಂದು ಇದೆ, ಆದರೆ ಎದುರಿನ ಅರ್ಧದಷ್ಟು ಜಾಗವನ್ನು ಮರವೇ ತಿಂದಿದೆ, ನೆತ್ತಿಗಂತೂ ದಾರಿಯೇ ಇಲ್ಲ. ಹಾಗಾದರೆ ವೈರು, ಪೈಪುಗಳ ಜಡೆಯನ್ನೆಲ್ಲ ನೋಡಿಕೊಂಡೇ ಬದುಕಬೇಕೇ ಎಂಬ ಅವರ ಇನ್ನೊಂದು ಪ್ರಶ್ನೆ ನ್ಯಾಯವಾದದ್ದು. ಬೇಕಿಲ್ಲ. ಉಸಿರಾಡದ್ದನ್ನು ಧಾರಾಳವಾಗಿ ಮುಚ್ಚಬಹುದು. ಪ್ಲಾಸ್ಟರಿಗೆ ಮೊದಲೇ ಗೋಡೆ ಕೊರೆದು ವೈರನ್ನು ಪೈಪಿನೊಳಗೆ ಹಾಯಿಸಬಹುದು. ತಾಮ್ರದ ಕೊಳವೆಗೆ ಫೋಮು ಸುತ್ತಿರಬೇಕು, ಇಲ್ಲದಿದ್ದರೆ ಗೋಡೆಯೇ ಬೆವರುತ್ತದೆ. ನೀರು ಹೋಗುವ ಪೈಪಿಗೆ ಉದ್ದಕ್ಕೂ ಇಳಿಜಾರು ಬೇಕು. ಮೊದಲೇ ಮನಸ್ಸು ಮಾಡಿದರೆ ಸೀಲಿಂಗಿನೊಳಗೆ ಕೂರಲೆಂದೇ ಮಾಡಿದ ಏಸಿಗಳೂ ಇವೆ, ಅವುಗಳಿಗೆ ಗಾಳಿಯ ಜಾಲರಿ, ಕೈ ಹಾಕುವ ಬಾಗಿಲು ಬೇರೆ ಬೇರೆ ಇರುತ್ತವೆ. ಈಗಿರುವ ಪೆಟ್ಟಿಗೆಗೂ ಉಪಾಯವುಂಟು: ಮುಂದಿನ ಪಟ್ಟಿ ಕಿತ್ತು, ಮೇಲೆ ಸುಮಾರು ಒಂದು ಗೇಣು ತೆರವು ಬಿಟ್ಟರೆ ಸಾಕು.

ಮುಚ್ಚಳಪ್ಪನವರು ಒಪ್ಪಿದ್ದಾರೆ. ಹೇಗೂ ಧೂಳು ಕಟ್ಟಿದ ಜಾಲರಿ ತೊಳೆಯಲು ಏಸಿ ಹುಡುಗ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಆದರೆ ಪೆಟ್ಟಿಗೆಗೆ ಸ್ಕ್ರೂ ಕಾಣದಂತೆ ಪುಟ್ಟಿ ಮೆತ್ತಿಸಿರುವುದರಿಂದ ಮೊದಲು ಬಡಗಿ ಬರಬೇಕು. ಅವನು ಊರಿಗೆ ಹೋಗಿದ್ದಾನೆ, ಹಬ್ಬ ಮುಗಿಸಿಕೊಂಡು ಬರುತ್ತಾನಂತೆ.