ಓದಿನ ದಿನಚರಿ ಎಂಬ ಸಾಹಿತ್ಯಪ್ರಕಾರ

ಓದಿನ ದಿನಚರಿ, ಅಂದರೆ ಒಂದನೆಯ ತರಗತಿಯ ಮಗು ಮನೆಯಲ್ಲಿ ಓದಿದ್ದನ್ನು ಪೋಷಕರು ಬರೆದಿಡುವ ಪುಸ್ತಕವು, ಬಹುತೇಕ ಮನೆಗಳಲ್ಲಿ ಭಾನುವಾರ ರಾತ್ರಿ ಒಂದೇ ಪೆನ್ನಿನಿಂದ ರಚನೆಯಾಗುತ್ತದೆ. ಅದರಲ್ಲಿ ವಾರದ ಏಳೂ ದಿನಗಳ ಸಾಲುಗಳಲ್ಲಿ ‘ಓದಿದೆ’ ಎಂಬ ಒಂದೇ ಪದವಿರುತ್ತದೆ. ‘ಓದಿದೆಯಾ?’ ಎಂದು ಕೇಳಿದರೆ ‘ಹೂಂ’ ಎನ್ನದೆ ಬೇರೇನನ್ನಾದರೂ ಹೇಳುವಷ್ಟು ಮುಗ್ಧರು ಆರರ ವಯಸ್ಸಿನಲ್ಲಿ ವಿರಳ.

ಚಿತ್ರದ ಕೆಳಗಿನ ‘ಕಪ್ಪು ಬೆಕ್ಕು ಹಾಲು ಕುಡಿಯಿತು’ ಎಂಬ ವಾಕ್ಯವನ್ನು ಮಗು ಸೂರನ್ನು ನೋಡುತ್ತಲೇ ನಿರರ್ಗಳವಾಗಿ ಹೇಳಿದರೆ, ಅದು ಓದಲ್ಲ, ಬಾಯಿಪಾಠ. ಚಿತ್ರವನ್ನು ಅಂಗೈಯಿಂದ ಮುಚ್ಚಿ, ಸಾಲಿನ ನಡುವಿನ ಪದವೊಂದರ ಮೇಲೆ ಬೆರಳಿಟ್ಟು ಕೇಳಿದಾಗ ‘ಬೆಕು’ ಎಂದು ಬಂದರೆ, ಒತ್ತಕ್ಷರ, ಎಂದರೆ ಅಕ್ಷರದ ಅಡಿಯಲ್ಲಿ ಬರೆಯುವ ಇನ್ನೊಂದು ವ್ಯಂಜನದ ಚಿಹ್ನೆ, ಇನ್ನೂ ಕಣ್ಣಿಗೆ ಬಿದ್ದಿಲ್ಲವೆಂದು ತಿಳಿಯುತ್ತದೆ. ಆ ದಿನದ ಸಾಲಿನಲ್ಲಿ ‘ಪುಟ 4, ಹಾಲು ತಾನೇ ಓದಿತು, ಬೆಕ್ಕಿನ ಒತ್ತು ಬಿಟ್ಟಿತು’ ಎಂದು ಬರೆದರೆ, ಮರುದಿನದ ಓದಿನ ಹತ್ತು ನಿಮಿಷಗಳನ್ನು ಅಕ್ಕ, ಹಕ್ಕಿಗಳಿಂದ ಆರಂಭಿಸಬಹುದು. ಸಾಲುಸಾಲಿಗೂ ಮಗು ಎಡವುತ್ತಿದ್ದರೆ ಪುಸ್ತಕವೇ ಕಠಿಣವೆಂದು ತಿಳಿದು, ದೊಡ್ಡವರು ಮೊದಲು ಓದಿ ಮಗುವಿನಿಂದ ಹಿಂದೆಯೇ ಓದಿಸುವುದು ಲೇಸು.

ಪುಟ ಮಗುಚುವ ಮುನ್ನ ‘ಈಗ ಬೆಕ್ಕು ಏನು ಮಾಡೀತು?’ ಎಂದೂ, ಮಗುಚಿದ ಮೇಲೆ ‘ಬೆಕ್ಕಿಗೆ ಹಾಲು ಸಿಕ್ಕಿದ್ದು ಹೇಗೆ?’ ಎಂದೂ ಕೇಳಿದರೆ ‘ಹೂಂ’ ಎಂಬ ಉತ್ತರ ಸಾಲದು. ‘ಅವರಮ್ಮನೂ ನಮ್ಮಮ್ಮನ ಹಾಗೆ ಮುಚ್ಚಳ ಹಾಕಿರಲಿಲ್ಲ’ ಎಂಬ ಉತ್ತರವನ್ನು ತಾಯಿಯು ತಿದ್ದದೆ, ದಿನಚರಿಯಲ್ಲಿ ಹಾಗೆಯೇ ದಾಖಲಿಸತಕ್ಕದ್ದು.