ಫೋನು ಬೇಡ, ತಿಂಡಿ ಕೊಡು

ಜಂಗಮಕೋಟೆ ಕ್ರಾಸಿನಲ್ಲಿ ಅಂಗಡಿ ತೆರೆಯುವವರು ಹಿಂದೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಂದವರ ಕೈಗೆ ಕೇಸರಿಬಾತು ಇಟ್ಟರೆ ಮುಗಿಯುತ್ತಿತ್ತು. ಕೆಫೆ ತೆರೆಯಲು ಹೊರಟ ನನ್ನ ತಂಗಿಯ ಮಗನಿಗೆ ಅಷ್ಟು ಸಾಲದು. ಇನ್‌ಸ್ಟಾಗ್ರಾಮಿನಲ್ಲಿ ಗಿವ್‌ಅವೇ ಆಗಬೇಕು. "ಮಾಮ, ನೀವು ಕನ್ನಡ ಮೇಷ್ಟ್ರು. ಕ್ಯಾಪ್ಷನ್ ಬರೆದುಕೊಡಿ" ಎಂದ. ಬಹುಮಾನ ಏನೆಂದೆ. ಹೊಸ ಮೊಬೈಲ್ ಫೋನಂತೆ. ಪೇಜ್ ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ, ಸ್ಟೋರಿಗೆ ಹಾಕಿದರೆ ಸಾಕಂತೆ.

ಫೋನು ಯಾರಿಗೆ ಬೇಡ? ಗುವಾಹಟಿಯವನಿಗೂ ಬೇಕು, ಗೌರಿಬಿದನೂರಿನವನಿಗೂ ಬೇಕು. ತೊಂದರೆ ಇರುವುದೇ ಅಲ್ಲಿ. ಗಿವ್‌ಅವೇ ಹುಡುಕುವುದನ್ನೇ ಕಸುಬು ಮಾಡಿಕೊಂಡ ಖಾತೆಗಳಿವೆ. ತೆರೆದು ನೋಡಿದರೆ ಒಂದು ಮದುವೆ ಫೋಟೋ ಇಲ್ಲ, ಒಂದು ನಾಯಿಮರಿ ಇಲ್ಲ, ಬರೀ ಬೇರೆಯವರ ಬಹುಮಾನದ ಪೋಸ್ಟುಗಳು. ಅವರು ಟ್ಯಾಗ್ ಮಾಡುವ ಮೂವರೂ ಅದೇ ಕುಲದವರು. ಫಲಿತಾಂಶ ಬಂದ ಮರುದಿನ ಎಲ್ಲರೂ ಅನ್‌ಫಾಲೋ. ಜಾತ್ರೆಯಲ್ಲಿ ಪಾನಕ ಕುಡಿದವರೆಲ್ಲ ತೇರೆಳೆಯಲು ನಿಲ್ಲುವುದಿಲ್ಲ.

ಹಾಗಾಗಿ ಕ್ಯಾಪ್ಷನ್‌ಗೆ ಮೊದಲು ಬಹುಮಾನ ಬದಲಾಯಿಸಿದೆವು. ದೂರದವನಿಗೆ ಕಾಸಿನ ಉಪಯೋಗವಿಲ್ಲದ, ಹತ್ತಿರದವನಿಗೆ ಬಾಯಲ್ಲಿ ನೀರೂರಿಸುವ ಬಹುಮಾನ ಬೇಕಿತ್ತು. ಐದು ಜನಕ್ಕೆ ತಲಾ 10 ತಿಂಡಿ, 10 ಕಾಫಿ. ದಿನಕ್ಕೊಂದು ಸಲ, 60 ದಿನದೊಳಗೆ, ಖುದ್ದಾಗಿ ಬಂದು ತಿನ್ನಬೇಕು. ಫೋನು ಗೆದ್ದವನು ಒಂದೇ ಸಲ ಬರುತ್ತಾನೆ, ಅದೂ ಕೊರಿಯರ್ ಮಾಡಿ ಎನ್ನದಿದ್ದರೆ. ಈ ಐವರು ಕೂಪನ್ ಪೂರ್ತಿ ಬಳಸಿದರೆ 50 ಸಲ ಬರುತ್ತಾರೆ, ಒಬ್ಬರೇ ಬರುವುದೂ ಅಪರೂಪ. ಜೊತೆಗೆ ಬಂದವನ ಬಿಲ್ಲು ಗಲ್ಲಾಕ್ಕೇ ತಾನೇ?

ಟ್ಯಾಗ್ ಬದಲು ಒಂದು ಪ್ರಶ್ನೆ ಇಟ್ಟೆವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹಾಕಿ ಹಿಂತಿರುಗುವ ರೈತನಿಗೆ ಕ್ರಾಸಿನಲ್ಲಿ ಏನು ತಿನ್ನಬೇಕು ಅನ್ನಿಸುತ್ತದೆ? ಇದಕ್ಕೆ ಉತ್ತರಿಸಲು ಈ ರಸ್ತೆಯ ಹಸಿವು ಗೊತ್ತಿರಬೇಕು. ಬಹುಮಾನದ ಬೇಟೆಯವನು "ನೈಸ್, ಡನ್" ಎಂದು ಬರೆದು ತಾನಾಗಿ ಸಿಕ್ಕಿಬೀಳುತ್ತಾನೆ.

"200 ರೂಪಾಯಿ ಬಿಲ್ಲಿಗೆ ಒಂದು ಚೀಟಿ ಅಂತ ಮಾಡೋಣ್ವಾ ಮಾಮ?" ಎಂದ. ಬೇಡಪ್ಪ ಎಂದೆ. ದುಡ್ಡು ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದಕ್ಕೆ ಲಾಟರಿಯ ಲಕ್ಷಣ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕಾಗಿ ನಡೆಸುವ ಲಾಟರಿ, ಸ್ಪರ್ಧೆಗಳನ್ನು ಅನುಮಾನದಿಂದಲೇ ನೋಡುತ್ತದೆ. ಫಲಿತಾಂಶ ಮುಚ್ಚಿಡುವುದನ್ನಂತೂ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಪೋಸ್ಟ್ ಹಾಕುವ ಮೊದಲು ಪರಿಚಯದ ವಕೀಲರಿಗೆ ತೋರಿಸು, ಒಂದು ಕಾಫಿಯ ಖರ್ಚು ಎಂದೆ. ಇನ್‌ಸ್ಟಾಗ್ರಾಮಿನವರದೂ ಒಂದು ಶರತ್ತಿದೆ: ಸ್ಪರ್ಧೆಗೂ ತಮಗೂ ಸಂಬಂಧವಿಲ್ಲ, ತಮ್ಮ ಮೇಲೆ ಹೊಣೆಯಿಲ್ಲ ಎಂದು ಬರೆದಿರಬೇಕು.

ಕೊನೆಗೆ ಹೀಗೆ ಬರೆದೆ:

"ಗೂಡು ಹಾಕಿ ಬಂದಿದ್ದೀರಿ, ಹೊಟ್ಟೆ ಚುರುಗುಟ್ಟುತ್ತಿದೆ. ಜಂಗಮಕೋಟೆ ಕ್ರಾಸಿನಲ್ಲಿ ಏನು ಸಿಕ್ಕರೆ ಗಾಡಿ ನಿಲ್ಲಿಸುತ್ತೀರಿ? ಕಾಮೆಂಟಿನಲ್ಲಿ ಹೇಳಿ, ಪೇಜ್ ಫಾಲೋ ಮಾಡಿ. ಐವರಿಗೆ ತಲಾ 10 ತಿಂಡಿ, 10 ಕಾಫಿ ನಮ್ಮ ಲೆಕ್ಕ.

ಏನೂ ಕೊಳ್ಳಬೇಕಿಲ್ಲ. ಒಬ್ಬರಿಗೆ ಒಂದೇ ಉತ್ತರ, 18 ತುಂಬಿರಬೇಕು. ನಮ್ಮ ಮನೆಯವರು, ಕೆಲಸದವರು ಸೇರುವಂತಿಲ್ಲ. ಭಾನುವಾರ ರಾತ್ರಿ 9ಕ್ಕೆ ಮುಕ್ತಾಯ. ಪ್ರಶ್ನೆಗೆ ಉತ್ತರಿಸಿದವರ ಹೆಸರನ್ನೆಲ್ಲ ಚೀಟಿ ಬರೆದು ಸೋಮವಾರ ಸಂಜೆ 6ಕ್ಕೆ ಕೆಫೆಯಲ್ಲೇ ಎತ್ತುತ್ತೇವೆ, ಹೆಸರು ಇದೇ ಪೇಜಿನಲ್ಲಿ ಬರುತ್ತದೆ. ಏಳು ದಿನದಲ್ಲಿ ಬಂದು ಕೂಪನ್ ಪಡೆಯದಿದ್ದರೆ ಮುಂದಿನ ಚೀಟಿ. ಕೂಪನ್‌ಗೆ 60 ದಿನ ಆಯಸ್ಸು, ದಿನಕ್ಕೊಮ್ಮೆ ಬಳಸಬಹುದು. ನಗದು ಕೊಡುವುದಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಗೆದ್ದವರಿಂದ ನಾವು ದುಡ್ಡು, ಒಟಿಪಿ ಕೇಳುವುದೇ ಇಲ್ಲ. ಈ ಸ್ಪರ್ಧೆಯನ್ನು ಇನ್‌ಸ್ಟಾಗ್ರಾಮ್ ಪ್ರಾಯೋಜಿಸಿಲ್ಲ, ಅನುಮೋದಿಸಿಲ್ಲ, ನಡೆಸುತ್ತಿಲ್ಲ, ಅದಕ್ಕೆ ಸಂಬಂಧವೂ ಇಲ್ಲ. ಭಾಗವಹಿಸುವವರು ಅದನ್ನು ಎಲ್ಲ ಹೊಣೆಯಿಂದ ಮುಕ್ತಗೊಳಿಸುತ್ತಾರೆ."

ಒಟಿಪಿ ಸಾಲು ಯಾಕೆ ಎಂದ. ಗಿವ್‌ಅವೇ ಶುರುವಾದೊಡನೆ ನಿನ್ನದೇ ಹೆಸರಿಗೆ ಒಂದು ಚುಕ್ಕಿ ಸೇರಿಸಿ, ನಿನ್ನದೇ ಫೋಟೋ ಹಾಕಿಕೊಂಡು ನಕಲಿ ಖಾತೆ ಹುಟ್ಟಬಹುದು. ಅದು "ನೀವು ಗೆದ್ದಿದ್ದೀರಿ, ಡೆಲಿವರಿಗೆ 99 ರೂಪಾಯಿ ಕಳಿಸಿ" ಎನ್ನುತ್ತದೆ. ಕಳಿಸಿದವರು ಬೈಯುವುದು ನಿನ್ನನ್ನೇ.

ಗೆದ್ದೆವೋ ಇಲ್ಲವೋ ಎಂದು ತಿಳಿಯುವ ಕೆಲಸ ಫಲಿತಾಂಶದ ನಂತರದ್ದು. ಎರಡು ವಾರ ಬಿಟ್ಟು ಎಷ್ಟು ಜನ ಉಳಿದರೆಂದು ನೋಡಬೇಕು. ಇನ್‌ಸೈಟ್ಸ್‌ನಲ್ಲಿ ಫಾಲೋವರುಗಳ ಊರು ಕಾಣುತ್ತದೆ. ಅಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಮೇಲಿದ್ದರೆ ಸರಿ. ಬಸ್ಸು, ರೈಲು ಹಿಡಿದರೂ ಬೆಳಗಿನ ತಿಂಡಿಗೆ ಬರಲಾಗದ ಊರುಗಳೇ ಮೇಲಿದ್ದರೆ ಬಹುಮಾನ ಇನ್ನೂ ತಪ್ಪು ಜನರನ್ನು ಕರೆಯುತ್ತಿದೆ ಎಂದರ್ಥ.

"ಫೋನು ಇಟ್ಟಿದ್ರೆ ಸಾವಿರಗಟ್ಟಲೆ ಬರ್ತಿದ್ರು ಮಾಮ. ಇದಕ್ಕೆ ಇನ್ನೂರೂ ದಾಟೋದಿಲ್ಲವೇನೋ" ಎಂದು ಮುಖ ಸಣ್ಣ ಮಾಡಿದ.

"ಆ ಸಾವಿರಕ್ಕೆ ನೀನು ಹಿಟ್ಟು ರುಬ್ಬಬೇಕಾಗಿಲ್ಲ. ಕಾಮೆಂಟಿನಲ್ಲಿ ಎಷ್ಟು ಜನ ರಾಗಿ ಇಡ್ಲಿ ಕೇಳುತ್ತಾರೋ ಎಣಿಸು, ಅಷ್ಟಕ್ಕೆ ನೆನೆಹಾಕು" ಎಂದೆ.